ಕಂಪನಿ ಮುಚ್ಚಿದಾಗ ದುಡ್ಡು ಮೊದಲು ಯಾರಿಗೆ?

ಓದುಗರ ಪತ್ರ: "ಒಂದು ಕಂಪನಿಗೆ ಬಿಡಿಭಾಗ ಮಾಡಿ ಕಳಿಸುತ್ತಿದ್ದೆ. 18 ಲಕ್ಷ ರೂಪಾಯಿ ಬಿಲ್ ಬಾಕಿ ಇದೆ. ಅದರ ಷೇರುಗಳೂ ನನ್ನ ಹತ್ತಿರ ಇವೆ. ಈಗ ಕಂಪನಿ ಲಿಕ್ವಿಡೇಷನ್‌ಗೆ ಹೋಗಿದೆ. ಆಸ್ತಿ 50 ಕೋಟಿಗೆ ಮಾರಾಟ ಆಗಬಹುದಂತೆ. ಅಷ್ಟು ದುಡ್ಡು ಬಂದರೆ ನನ್ನ 18 ಲಕ್ಷ ಯಾವ ಲೆಕ್ಕ, ಅಲ್ವಾ?"

ಸಂಪಾದಕರ ಉತ್ತರ: 50 ಕೋಟಿಯಲ್ಲಿ 18 ಲಕ್ಷ ಚಿಕ್ಕ ಮೊತ್ತವೇ. ಆದರೆ ಇಲ್ಲಿ ಮೊತ್ತಕ್ಕಿಂತ ಸರದಿ ಮುಖ್ಯ. ನಿಮ್ಮ ಮುಂದಿರುವವರ ಬಾಕಿ ಪೂರ್ತಿ ತೀರುವವರೆಗೆ ನಿಮಗೆ ಒಂದು ರೂಪಾಯಿಯೂ ಬರುವುದಿಲ್ಲ. ಈ ಸರದಿಯನ್ನು 2016ರ ದಿವಾಳಿ ಸಂಹಿತೆಯ 53ನೇ ಸೆಕ್ಷನ್ ಹೇಳುತ್ತದೆ.

ಕಂಪನಿಯ ಪೂರ್ತಿ ಲೆಕ್ಕ ನಿಮ್ಮ ಪತ್ರದಲ್ಲಿಲ್ಲ. ಹಾಗಾಗಿ 50 ಕೋಟಿಯನ್ನು ಹಾಗೇ ಇಟ್ಟುಕೊಂಡು, ಉಳಿದ ಅಂಕಿಗಳನ್ನು ಊಹಿಸಿಕೊಂಡು ನೋಡೋಣ.

ಮೊದಲು ದಿವಾಳಿ ಪ್ರಕ್ರಿಯೆಯ ಮತ್ತು ಲಿಕ್ವಿಡೇಷನ್ನಿನ ಖರ್ಚು. ಅದು 2 ಕೋಟಿ ಅನ್ನೋಣ. ಉಳಿದದ್ದು 48 ಕೋಟಿ. ಅದರ ನಂತರದ ಮೆಟ್ಟಿಲಲ್ಲಿ ಇಬ್ಬರು ಸಮಸಮವಾಗಿ ನಿಂತಿದ್ದಾರೆ. ಒಬ್ಬರು ಕಾರ್ಮಿಕರು, ಅವರ ಕೊನೆಯ 24 ತಿಂಗಳ ಬಾಕಿಗಾಗಿ. ಇನ್ನೊಬ್ಬರು ಆಸ್ತಿ ಅಡ ಇಟ್ಟುಕೊಂಡು ಸಾಲ ಕೊಟ್ಟ ಬ್ಯಾಂಕ್, ಆ ಅಡಮಾನದ ಹಕ್ಕನ್ನು, ಕಂಪನಿಯ ಆಸ್ತಿ ಮಾರಿ ದುಡ್ಡು ಹಂಚುವ ಲಿಕ್ವಿಡೇಟರ್‌ಗೆ ಬಿಟ್ಟುಕೊಟ್ಟಿದ್ದರೆ. ಕಾರ್ಮಿಕರಿಗೆ 12 ಕೋಟಿ, ಬ್ಯಾಂಕಿಗೆ 60 ಕೋಟಿ ಬರಬೇಕು ಅಂತ ಇಟ್ಟುಕೊಳ್ಳಿ. ಒಟ್ಟು 72 ಕೋಟಿ ಬೇಕು, ಇರುವುದು 48. ಹಾಗಾಗಿ ಇಬ್ಬರಿಗೂ ರೂಪಾಯಿಗೆ ಸುಮಾರು 67 ಪೈಸೆಯಂತೆ ಸಿಗುತ್ತದೆ. ಕಾರ್ಮಿಕರಿಗೆ 8 ಕೋಟಿ, ಬ್ಯಾಂಕಿಗೆ 40 ಕೋಟಿ. ಅಲ್ಲಿಗೆ ದುಡ್ಡು ಮುಗಿಯಿತು.

ಬ್ಯಾಂಕಿನ ಸಾಲ ಅರ್ಧದಷ್ಟು, ಅಂದರೆ 30 ಕೋಟಿ ಮಾತ್ರ ಇದ್ದಿದ್ದರೆ? ಆಗ 6 ಕೋಟಿ ಕೆಳಗಿಳಿಯುತ್ತದೆ. ಅದರಲ್ಲಿ ಮೊದಲು ಕಾರ್ಮಿಕರಲ್ಲದ ನೌಕರರ ಕೊನೆಯ 12 ತಿಂಗಳ ಬಾಕಿ, 2 ಕೋಟಿ ಅನ್ನೋಣ. ಆಮೇಲೆ ಅಡಮಾನವಿಲ್ಲದೆ ಸಾಲ ಕೊಟ್ಟವರು. ಅವರಿಗೆ 8 ಕೋಟಿ ಬರಬೇಕಿದ್ದರೆ ಅರ್ಧವಷ್ಟೇ ಸಿಗುತ್ತದೆ. ಅವರ ಕೆಳಗೆ ಸರ್ಕಾರದ ಎರಡು ವರ್ಷಗಳ ಬಾಕಿ. ಅದೂ ತೀರಿದ ಮೇಲೆ 'ಉಳಿದ ಸಾಲಗಳು' ಅನ್ನುವ ಮೆಟ್ಟಿಲು ಬರುತ್ತದೆ. ನಿಮ್ಮ ಬಿಲ್ ಇರುವುದು ಅಲ್ಲಿ. ನಿಮ್ಮ ನಂತರ ಪ್ರಿಫರೆನ್ಸ್ ಷೇರುದಾರರು, ಕಟ್ಟಕಡೆಗೆ ಸಾಮಾನ್ಯ ಷೇರುದಾರರು. ಷೇರಿನ ದುಡ್ಡಿನ ಆಸೆ ಬಿಟ್ಟುಬಿಡಿ. ಷೇರಿನ ಪೂರ್ತಿ ಬೆಲೆ ಕಟ್ಟಿದ್ದರೆ ಕಂಪನಿಯ ಸಾಲಕ್ಕೆ ನಿಮ್ಮ ಜೇಬಿನಿಂದ ಏನೂ ಕೊಡಬೇಕಾಗಿಲ್ಲ, ಅಷ್ಟು ಮಾತ್ರ ಸಮಾಧಾನ.

ಕಾರ್ಮಿಕರ ಪಿಎಫ್, ಗ್ರಾಚ್ಯುಟಿ ನಿಧಿಯ ಹಣ ಈ 50 ಕೋಟಿಗೆ ಸೇರುವುದೇ ಇಲ್ಲ. ಅದು ಅವರದ್ದೇ. ಹಾಗೇ ಇರಬೇಕಾದದ್ದೂ ನ್ಯಾಯ.

ಬ್ಯಾಂಕ್ ಅಡಮಾನ ಬಿಟ್ಟುಕೊಡದೆ ತಾನೇ ಆ ಆಸ್ತಿ ಮಾರಿಕೊಳ್ಳಲೂಬಹುದು. ಅದರ ನಿರ್ಧಾರವನ್ನು ಲಿಕ್ವಿಡೇಷನ್ ಶುರುವಾದ 30 ದಿನಗಳಲ್ಲಿ ಲಿಕ್ವಿಡೇಟರ್‌ಗೆ ತಿಳಿಸಬೇಕು. ಹಾಗೆ ಮಾರಿಕೊಂಡ ಮೇಲೂ ಸಾಲ ಉಳಿದರೆ, ಆ ಉಳಿಕೆಗೆ ಬ್ಯಾಂಕ್ ಸರ್ಕಾರದ ಮೆಟ್ಟಿಲಿಗೆ ಇಳಿಯುತ್ತದೆ. ಬ್ಯಾಂಕ್ ಯಾವ ದಾರಿ ಹಿಡಿದಿದೆ ಅಂತ ಕೇಳಿ ತಿಳಿದುಕೊಳ್ಳಿ. ಆದರೆ ಎರಡರಲ್ಲೂ ಅದು ನಿಮಗಿಂತ ಮೇಲೇ ಇರುತ್ತದೆ.

ಸಾಲ ಕೊಟ್ಟವರಿಗೂ ಸರಕು ಕೊಟ್ಟವರಿಗೂ ಈ ಭೇದ ಯಾಕೆ ಅಂತ ಕೋರ್ಟಿನಲ್ಲಿ ಪ್ರಶ್ನೆ ಎದ್ದಿತ್ತು. 2019ರಲ್ಲಿ ಸುಪ್ರೀಂ ಕೋರ್ಟ್ ಈ ವ್ಯವಸ್ಥೆಯನ್ನು ಎತ್ತಿಹಿಡಿಯಿತು. ನನಗೆ ಕಾರ್ಮಿಕರು ಮುಂದಿರುವುದು ಸರಿ ಅನ್ನಿಸುತ್ತದೆ. ಆದರೆ ಅಡಮಾನವಿಲ್ಲದೆ ಸಾಲ ಕೊಟ್ಟವರು ಸಣ್ಣ ಸರಬರಾಜುದಾರರಿಗಿಂತ ಮುಂದಿರುವುದು ಸರಿ ಅಂತ ಒಪ್ಪಲು ಆಗುತ್ತಿಲ್ಲ. ಸಾಲ ಕೊಡುವವರು ಕಂಪನಿಯ ಲೆಕ್ಕಪತ್ರ ತರಿಸಿ ನೋಡಿ ಕೊಡಬಹುದು. ನಿಮ್ಮಂಥವರು ಆರ್ಡರ್ ನಂಬಿ ಸರಕು ಕಳಿಸುತ್ತೀರಿ.

ಇನ್ನು ನೀವು ಮಾಡಬೇಕಾದದ್ದು. ಲಿಕ್ವಿಡೇಷನ್ ಶುರುವಾದ 30 ದಿನಗಳ ಒಳಗೆ ನಿಮ್ಮ ಕ್ಲೇಮ್ ಲಿಕ್ವಿಡೇಟರ್‌ಗೆ ಸಲ್ಲಿಸಿ. ಕೊನೆಯ ದಿನಾಂಕ ಪತ್ರಿಕಾ ಪ್ರಕಟಣೆಯಲ್ಲೇ ಇರುತ್ತದೆ. ಇನ್‌ವಾಯ್ಸ್, ಡೆಲಿವರಿ ಚಲನ್, ಸರಕು ಮುಟ್ಟಿದ ಸಹಿ ಎಲ್ಲ ಜೊತೆಗಿರಲಿ. ಏನೂ ಬರಲ್ಲ ಅಂತ ಸುಮ್ನೆ ಕೂತರೆ, ನಿಜವಾಗಿ ದುಡ್ಡು ಉಳಿದ ದಿನ ನಿಮ್ಮ ಹೆಸರೇ ಪಟ್ಟಿಯಲ್ಲಿರುವುದಿಲ್ಲ. ಕ್ಲೇಮ್ ತಿರಸ್ಕರಿಸಿದರೆ ಆ ತೀರ್ಮಾನ ಬಂದ 14 ದಿನಗಳಲ್ಲಿ ಕಂಪನಿ ವ್ಯಾಜ್ಯ ನೋಡುವ ನ್ಯಾಯಮಂಡಳಿಯಾದ ಎನ್‌ಸಿಎಲ್‌ಟಿಗೆ ಮೇಲ್ಮನವಿ ಹಾಕಬಹುದು.

ಇನ್ನೊಂದು ವಿಷಯ, ಇದನ್ನು ಬಹಳ ಜನ ಮರೆಯುತ್ತಾರೆ. ಬಿಡಿಭಾಗ ತುಂಬಿ ಕಳಿಸಿದ ನಿಮ್ಮ ಕ್ರೇಟ್‌ಗಳು, ಬಿನ್‌ಗಳು ಅವರ ಕಾರ್ಖಾನೆಯಲ್ಲೇ ಉಳಿದಿವೆಯಾ? ವಾಪಸ್ ಕೊಡುವ ಕರಾರಿನ ಮೇಲೆ ಇಟ್ಟ ವಸ್ತು ಕಂಪನಿಯ ಆಸ್ತಿ ಅಲ್ಲ. ಅದು ಈ ಸರದಿಗೆ ಬರುವುದೇ ಇಲ್ಲ, ನೇರವಾಗಿ ನಿಮ್ಮದು. ಚಲನ್‌ನಲ್ಲಿ 'ವಾಪಸ್ ಕೊಡತಕ್ಕದ್ದು' ಅಂತ ಬರೆದಿದ್ದರೆ ಅದರ ಪ್ರತಿ ಲಗತ್ತಿಸಿ, ಲಿಕ್ವಿಡೇಟರ್‌ಗೆ ಬೇರೆಯೇ ಪತ್ರ ಬರೆಯಿರಿ. ಗುಜರಿ ಅಂತ ಹರಾಜಿಗೆ ಹೋಗುವ ಮುಂಚೆಯೇ ಬರೆಯಿರಿ. ಈ ವಾರವೇ ಆದರೆ ಒಳ್ಳೆಯದು.