ಎಡಮೈ ಫೋಟೊ, ಬಲಮೈ ಫೋಟೊ ಬೇರೆ ಮಾಡಿ

> ತೋಟದಂಚಿನ ಕಾಲುದಾರಿಗೆ ಒಂದು ಕ್ಯಾಮೆರಾ ಟ್ರ್ಯಾಪ್ ಕಟ್ಟಿದ್ದೆ. ಹುಲಿಯ 14 ಫೋಟೊ ಬಂದಿವೆ, ಐದು ಹುಲಿ ಅನ್ನಿಸುತ್ತೆ. ಹಾಗಾದ್ರೆ ಹುಲಿ ಕಡಿಮೆಯಾಗಿದೆ ಅನ್ನೋದು ಸುಳ್ಳಾ?

ಬಹುಶಃ ಒಂದೇ ಹುಲಿಯನ್ನು ಎರಡು ಸಲ ಎಣಿಸಿದ್ದೀರಿ. ಹುಲಿಯ ಎಡಮೈ ಪಟ್ಟೆಗಳು ಬಲಮೈಯಲ್ಲಿ ಹಾಗೆಯೇ ಇರುವುದಿಲ್ಲ. ಹಾಗಾಗಿ ಒಂದೇ ಕ್ಯಾಮೆರಾ ಇದ್ದರೆ ಹೋಗುವಾಗ ಒಂದು ಹುಲಿ, ಬರುವಾಗ ಇನ್ನೊಂದು!

ಮೊದಲು ಎಡಮೈ ಫೋಟೊಗಳನ್ನಷ್ಟೇ ತೆಗೆದು ಪಕ್ಕೆಯ ಪಟ್ಟೆಗಳನ್ನು ಹೋಲಿಸಿ. ಆಮೇಲೆ ಬಲಮೈಯವನ್ನು ನೋಡಿ. ಎರಡರಲ್ಲಿ ಯಾವುದು ಹೆಚ್ಚೋ ಅದೇ ನಿಮ್ಮ ಕನಿಷ್ಠ ಲೆಕ್ಕ. ಮುಂದೆ ದಾರಿಯ ಎರಡೂ ಬದಿ ಮೊಣಕಾಲೆತ್ತರಕ್ಕೆ ಒಂದೊಂದು ಕಟ್ಟಿ. ಒಂದರ ಫ್ಲ್ಯಾಶ್ ಇನ್ನೊಂದಕ್ಕೆ ಹೊಡೆಯದಂತೆ ಸ್ವಲ್ಪ ಓರೆಯಾಗಿರಲಿ.

ಕಾಣದ ಹುಲಿಗಳ ಅಂದಾಜಿಗೆ 1990ರ ದಶಕದಲ್ಲಿ ನಾಗರಹೊಳೆಯಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಮರುಸೆರೆ ಲೆಕ್ಕ, ಅಂದರೆ ಒಮ್ಮೆ ಫೋಟೊಗೆ ಸಿಕ್ಕ ಹುಲಿಗಳಲ್ಲಿ ಎಷ್ಟು ಮತ್ತೆ ಸಿಕ್ಕವು ಎಂಬುದರಿಂದ ಒಟ್ಟು ಅಂದಾಜಿಸುವ ಲೆಕ್ಕ, ಬಳಸಿದರು. ಉದಾಹರಣೆಗೆ, ಮೊದಲ ಸುತ್ತಿನಲ್ಲಿ 12 ಹುಲಿ, ಎರಡನೆಯದರಲ್ಲಿ 10, ಅವುಗಳಲ್ಲಿ 6 ಮೊದಲೇ ಸಿಕ್ಕವು ಎಂದಾದರೆ 12×10÷6, ಅಂದರೆ ಸುಮಾರು 20. ಇದಕ್ಕೆ ಕಾಡಿನ ತುಂಬ ಕ್ಯಾಮೆರಾ ಬೇಕು. ನಿಮ್ಮ ಒಂದು ದಾರಿಯಿಂದ ಆಗದು.

ಕಳೆದ ಶತಮಾನದ ಇಳಿಕೆಯಂತೂ ಸುಳ್ಳಲ್ಲ, ಆದರೆ 2006ರ ನಂತರ ಭಾರತದಲ್ಲಿ ಹುಲಿಗಳ ಅಂದಾಜು ಸಂಖ್ಯೆ ಏರಿದೆ. ಇಳಿಕೆಗೆ ಬೇಟೆ, ಕಾಡುನಾಶದ ಜೊತೆಗೆ ಆಹಾರದ ಅಭಾವವೂ ಕಾರಣ. ಒಂದು ಹುಲಿಗೆ ವರ್ಷಕ್ಕೆ ಸುಮಾರು 50 ಜಿಂಕೆ-ಕಡವೆಯಂಥ ಪ್ರಾಣಿ ಬೇಕು. ಉರುಳಿಗೆ ಅವು ಬಿದ್ದರೆ ಹುಲಿಯನ್ನು ಯಾರೂ ಮುಟ್ಟದಿದ್ದರೂ ಮರಿಗಳು ಉಳಿಯವು. ಅದೇ ಕ್ಯಾಮೆರಾದಲ್ಲಿ ಜಿಂಕೆ ಎಷ್ಟು ಬಂದಿವೆ, ನೋಡಿ.