ಲಿಂಟಲ್ ಮಟ್ಟವನ್ನು ಎಲ್ಲಿಂದ ಅಳೆಯಬೇಕು?

“ಪ್ಲಿಂತ್ 450, ಸಿಲ್ 900, ಲಿಂಟಲ್ 2100 ಮಿ.ಮೀ. ಇಟ್ಟು ಹೊರಗೋಡೆಯ ಸೆಕ್ಷನ್ ಬರೆದೆ. ಕಿಟಕಿ 1200 ಬರಬೇಕಿತ್ತು, 750 ಮಾತ್ರ ಬಂತು. ಎಲ್ಲಿ ತಪ್ಪಿದೆ?”

ತಾವು ಸಿಲ್ಲನ್ನು ಒಳನೆಲದಿಂದಲೂ ಲಿಂಟಲನ್ನು ಹೊರಗಿನ ಭೂಮಟ್ಟದಿಂದಲೂ ಅಳೆದಿದ್ದೀರಿ. ಆದ್ದರಿಂದಲೇ ಪ್ಲಿಂತ್‌ನ 450 ಮಿ.ಮೀ. ಕಿಟಕಿಯಲ್ಲಿ ಕಡಿತವಾಗಿದೆ. ತಳಪಾಯದ ಆಳವನ್ನೂ ಪ್ಲಿಂತ್‌ನ ಎತ್ತರವನ್ನೂ ಭೂಮಟ್ಟದಿಂದ ಗುರುತಿಸಿ, ಅಲ್ಲಿಂದ ಮೇಲೆ ಸಿಲ್, ಲಿಂಟಲ್‌ನ ತಳ ಮತ್ತು ಸ್ಲ್ಯಾಬ್‌ನ ತಳವನ್ನು ಸಿದ್ಧಗೊಂಡ ಒಳನೆಲದಿಂದಲೇ ಅಳೆಯಬೇಕು. ಹಾಗೆ ಮಾಡಿದರೆ ಭೂಮಟ್ಟದಿಂದ ಸಿಲ್ 1350ಕ್ಕೂ ಲಿಂಟಲ್‌ನ ತಳ 2550ಕ್ಕೂ ಬಂದು, ನಡುವೆ 1200 ಉಳಿಯುತ್ತದೆ. ಪ್ಯಾರಪೆಟ್‌ನ ಎತ್ತರಕ್ಕೆ ಮಾತ್ರ ತಾರಸಿಯ ಮೇಲ್ಮೈಯೇ ಆಧಾರ.

ಇನ್ನೊಂದು ಮಾತು: ಛೇದರೇಖೆ ಕಿಟಕಿಯ ಮೂಲಕ ಹಾದಿರುವುದರಿಂದ ಲಿಂಟಲ್ ಇಲ್ಲಿ ಗೋಡೆಯ ದಪ್ಪದಷ್ಟು ಅಗಲದ ಚಿಕ್ಕ ಆಯತವಾಗಿ ಕಾಣಬೇಕೇ ಹೊರತು, ಅದು ಎರಡೂ ಬದಿಯ ಗೋಡೆಯ ಮೇಲೆ ಕೂರುವ ಭಾಗ ಈ ಚಿತ್ರದಲ್ಲಿ ಕಾಣುವುದಿಲ್ಲ.