ಬಾಕಿ ಟಿಕೆಟ್ 120, ದಿನಕ್ಕೆ ಬರುವುದು 40: ಗ್ರಾಹಕ ಕಾಯುವುದು ಎಷ್ಟು ದಿನ?

ಪ್ರಶ್ನೆ: ಬೇಳೆ ಮಿಲ್‌ಗಳಿಗೆ, ಅಡತಿ ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಕೊಡುವ ಸಂಸ್ಥೆಯೊಂದರ ಸಪೋರ್ಟ್ ಡೆಸ್ಕ್ ನೋಡಿಕೊಳ್ಳುತ್ತೇನೆ. ದಿನಕ್ಕೆ ಸುಮಾರು 40 ಟಿಕೆಟ್, ಅಂದರೆ ದಾಖಲಾದ ಗ್ರಾಹಕರ ದೂರುಗಳು, ಬರುತ್ತವೆ. ಯಾವಾಗ ನೋಡಿದರೂ 120ರ ಆಸುಪಾಸು ಬಾಕಿ ಇರುತ್ತವೆ. ಸರಾಸರಿ ಒಂದೂವರೆ ದಿನದಲ್ಲಿ ಟಿಕೆಟ್ ಮುಗಿಯುತ್ತದೆ ಎಂದು ತಿಂಗಳ ವರದಿ ಹೇಳುತ್ತದೆ. ಗಂಜ್‌ನ ವ್ಯಾಪಾರಿಗಳು ಮಾತ್ರ ಮೂರು ದಿನ ಕಾಯಬೇಕಾಗುತ್ತದೆ ಎಂದು ಜಗಳಕ್ಕೆ ಬರುತ್ತಾರೆ. ಯಾರ ಮಾತು ಸರಿ?
— ಓದುಗರು, ಕಲಬುರಗಿ

ಉತ್ತರ: ನೀವು ಕೊಟ್ಟ ಅಂಕಿಗಳು ಸರಿಯಾಗಿದ್ದರೆ ವ್ಯಾಪಾರಿಗಳ ಮಾತೇ ಸರಿ. 120ನ್ನು 40ರಿಂದ ಭಾಗಿಸಿದರೆ 3 ಬರುತ್ತದೆ. ಇದು ಅಂದಾಜಲ್ಲ. ಅಮೆರಿಕದ ಜಾನ್ ಲಿಟಲ್ 1961ರಲ್ಲಿ ಗಣಿತದಿಂದ ಸಾಧಿಸಿ ತೋರಿಸಿದ ನಿಯಮ ಇದರ ಹಿಂದಿದೆ. ಅದನ್ನು ಹೀಗೆ ಬರೆಯುತ್ತಾರೆ:

L = λW

L ಎಂದರೆ ಸರಾಸರಿ ಬಾಕಿ ಇರುವ ಟಿಕೆಟ್‌ಗಳು, λ ಎಂದರೆ ದಿನಕ್ಕೆ ಬರುವ ಟಿಕೆಟ್‌ಗಳು, W ಎಂದರೆ ಒಂದು ಟಿಕೆಟ್ ಬಂದಾಗಿನಿಂದ ಮುಗಿಯುವವರೆಗಿನ ಸರಾಸರಿ ಕಾಲ. ನಿಮ್ಮಲ್ಲಿ ಎಷ್ಟು ಜನ ಕೆಲಸ ಮಾಡುತ್ತಾರೆ, ಯಾರ ಟಿಕೆಟ್ ಮೊದಲು ತೆಗೆದುಕೊಳ್ಳುತ್ತಾರೆ, ಒಂದು ಟಿಕೆಟ್‌ಗೆ ಹತ್ತು ನಿಮಿಷ ಹಿಡಿಯುತ್ತದೆಯೋ ಎರಡು ಗಂಟೆಯೋ, ಇದಾವುದನ್ನೂ ಈ ನಿಯಮ ಕೇಳುವುದಿಲ್ಲ.

ಇಷ್ಟು ಕಡಿಮೆ ಮಾಹಿತಿಯಿಂದ ಇಷ್ಟು ಖಚಿತವಾದ ಉತ್ತರ ಹೇಗೆ ಸಿಗುತ್ತದೆ ಎಂಬುದನ್ನು ಒಮ್ಮೆ ಕಾಗದದ ಮೇಲೆ ನೋಡಿಬಿಡುವುದು ಒಳ್ಳೆಯದು. ಬೆಳಿಗ್ಗೆ 10ರಿಂದ ಮಧ್ಯಾಹ್ನ 2ರವರೆಗೆ ಐದು ಟಿಕೆಟ್ ಬಂದು ಐದೂ ಮುಗಿದವು ಎಂದಿಟ್ಟುಕೊಳ್ಳಿ. ಮೊದಲನೆಯದು 10ಕ್ಕೆ ಬಂದು 11ಕ್ಕೆ ಮುಗಿಯಿತು. ಎರಡನೆಯದು 10:30ಕ್ಕೆ ಬಂದು 12ಕ್ಕೆ, ಮೂರನೆಯದು 11:30ಕ್ಕೆ ಬಂದು 1ಕ್ಕೆ, ನಾಲ್ಕನೆಯದು 12ಕ್ಕೆ ಬಂದು 2ಕ್ಕೆ, ಐದನೆಯದು 1ಕ್ಕೆ ಬಂದು 2ಕ್ಕೆ ಮುಗಿದವು. ಅವು ಕಾದ ಕಾಲ ಕ್ರಮವಾಗಿ 1, 1.5, 1.5, 2 ಮತ್ತು 1 ಗಂಟೆ. ಒಟ್ಟು 7 ಗಂಟೆ, ಐದು ಟಿಕೆಟ್‌ಗೆ ಹಂಚಿದರೆ ಸರಾಸರಿ 1.4 ಗಂಟೆ.

ಈಗ ಅದೇ ನಾಲ್ಕು ಗಂಟೆಯನ್ನು ಇನ್ನೊಂದು ಕಡೆಯಿಂದ ನೋಡಿ. ಪ್ರತಿ ಅರ್ಧ ಗಂಟೆಯಲ್ಲಿ ಎಷ್ಟು ಟಿಕೆಟ್ ಬಾಕಿ ಇದ್ದವು ಎಂದು ಎಣಿಸಿದರೆ 1, 2, 1, 2, 2, 2, 2, 2 ಎಂದು ಬರುತ್ತದೆ. ಕೂಡಿದರೆ 14. ಎಂಟು ಅರ್ಧ ಗಂಟೆಗಳಿಗೆ ಹಂಚಿದರೆ ಸರಾಸರಿ ಬಾಕಿ 1.75. ಗಂಟೆಗೆ ಬಂದ ಟಿಕೆಟ್ 5/4, ಅಂದರೆ 1.25. ಗುಣಿಸಿ ನೋಡಿ: 1.25 × 1.4 = 1.75.

14 ಅರ್ಧ ಗಂಟೆ ಎಂದರೆ 7 ಗಂಟೆ, ಹಾಗಾಗಿ ಎರಡೂ ಸಲ ನಾವು ಕೂಡಿದ್ದು ಅದೇ 7 ಗಂಟೆಯನ್ನು. ಒಮ್ಮೆ ಟಿಕೆಟ್ ಟಿಕೆಟ್ಟಾಗಿ ಕೂಡಿದೆವು, ಇನ್ನೊಮ್ಮೆ ಗಡಿಯಾರ ಹಿಡಿದು ಕೂಡಿದೆವು. ಬಂದವು ಎಲ್ಲ ಮುಗಿದಿದ್ದರೆ ಎರಡು ಲೆಕ್ಕ ಬೇರೆಯಾಗಲು ದಾರಿಯೇ ಇಲ್ಲ. ಆದ್ದರಿಂದಲೇ ವರದಿಯನ್ನು ಪರೀಕ್ಷಿಸಲು ಈ ನಿಯಮವನ್ನು ಧೈರ್ಯವಾಗಿ ಬಳಸಬಹುದು. ಒಂದೂವರೆ ದಿನ ನಿಜವಾಗಿದ್ದರೆ ನಿಮ್ಮಲ್ಲಿ 40 × 1.5 = 60 ಟಿಕೆಟ್ ಮಾತ್ರ ಬಾಕಿ ಇರಬೇಕಿತ್ತು. ಉಳಿದ 60 ಎಲ್ಲಿವೆ ಎಂಬುದನ್ನು ಹುಡುಕಬೇಕು.

ನನ್ನ ಮೊದಲ ಅನುಮಾನ ವರದಿಯ ಗಡಿಯಾರ ಯಾವಾಗ ಶುರುವಾಗುತ್ತದೆ ಎಂಬುದರ ಮೇಲೆ. ಅನೇಕ ಕಡೆ ಸಿಬ್ಬಂದಿಯೊಬ್ಬರು ಟಿಕೆಟ್ ಕೈಗೆತ್ತಿಕೊಂಡ ಕ್ಷಣದಿಂದ ಕಾಲ ಎಣಿಸುತ್ತಾರೆ. ವ್ಯಾಪಾರಿ ಎಣಿಸುವುದು ಅವನು ದೂರು ಕೊಟ್ಟ ಕ್ಷಣದಿಂದ. ಇದನ್ನು ಪತ್ತೆಹಚ್ಚುವುದು ಸುಲಭ. ಬಾಕಿ 120ರಲ್ಲಿ ಇನ್ನೂ ಯಾರ ಹೆಸರಿಗೂ ಹಂಚದ ಟಿಕೆಟ್ ಎಷ್ಟು ಎಂದು ಕೆಲವು ದಿನ ಎಣಿಸಿ. 60ರ ಹತ್ತಿರ ಬಂದರೆ ಉತ್ತರ ಸಿಕ್ಕಿತು. ನಿಯಮ ಅಲ್ಲಿಗೂ ಅನ್ವಯಿಸುತ್ತದೆ: 60/40, ಅಂದರೆ ಯಾರೂ ಮುಟ್ಟುವ ಮೊದಲೇ ಟಿಕೆಟ್ ಒಂದೂವರೆ ದಿನ ಕಾಯುತ್ತದೆ. ಮುಟ್ಟಿದ ಮೇಲಿನ ಒಂದೂವರೆ ದಿನ ಮಾತ್ರ ವರದಿಗೆ ಬರುತ್ತಿದೆ.

ಹಾಗೆ ಕಾಣದಿದ್ದರೆ, ಬಾಕಿ ನಿಜಕ್ಕೂ ಒಂದೇ ಮಟ್ಟದಲ್ಲಿದೆಯೇ ಎಂದು ನೋಡಿ. ಯಾವಾಗ ನೋಡಿದರೂ 120 ಎಂಬುದು ಕಣ್ಣಂದಾಜು. ದಿನಕ್ಕೆ 40 ಬಂದು 38 ಮುಗಿದರೆ 25 ಕೆಲಸದ ದಿನಗಳಲ್ಲಿ 50 ಟಿಕೆಟ್ ಸೇರಿಕೊಳ್ಳುತ್ತವೆ. ತಿಂಗಳ ಮೊದಲ ದಿನ 95 ಇದ್ದದ್ದು ಕೊನೆಗೆ 145 ಆಗುತ್ತದೆ, ಸರಾಸರಿ ಮಾತ್ರ 120 ಎಂದೇ ಬರುತ್ತದೆ. ಬಂದಷ್ಟು ಹೊರಗೆ ಹೋಗದ ಕಡೆ ಈ ಭಾಗಾಕಾರದ ಉತ್ತರವನ್ನು ನೆಚ್ಚಬಾರದು. ವರದಿಯನ್ನೂ ನೆಚ್ಚಬಾರದು, ಏಕೆಂದರೆ ಅದು ಮುಗಿದ ಟಿಕೆಟ್‌ಗಳನ್ನು ಮಾತ್ರ ಎಣಿಸುತ್ತದೆ. ವಾರಗಟ್ಟಲೆ ಮುಗಿಯದೆ ಕೂತಿರುವ ಕಠಿಣ ದೂರುಗಳು ಅದರ ಸರಾಸರಿಗೆ ಸೇರುವುದೇ ಇಲ್ಲ. ತೊಗರಿ ಮಾರುಕಟ್ಟೆಗೆ ಬರುವ ದಿನಗಳಲ್ಲಿ ನಿಮ್ಮ ಗ್ರಾಹಕರ ಬಿಲ್ಲುಗಳು ಹೆಚ್ಚಿ, ಟಿಕೆಟ್ ಏರುವುದು ಸಹಜ. ಆ ತಿಂಗಳುಗಳ ಲೆಕ್ಕವನ್ನು ಉಳಿದವುಗಳೊಂದಿಗೆ ಬೆರೆಸಬೇಡಿ.

ಎಣಿಕೆಯಲ್ಲಿ ಇನ್ನೆರಡು ಎಚ್ಚರ ಬೇಕು. ಮುಗಿಸಿದ ಟಿಕೆಟನ್ನು ಗ್ರಾಹಕ ಮತ್ತೆ ತೆರೆಸಿದಾಗ ನಿಮ್ಮ ವ್ಯವಸ್ಥೆ ಅದನ್ನು ಹೊಸದೆಂದು ಎಣಿಸುತ್ತದೆಯೇ? 40ರಲ್ಲಿ 10 ಅಂಥವಾದರೆ ನಿಜವಾದ ಹೊಸ ದೂರು 30. ಆಗ ಒಂದು ದೂರಿನ ಮೇಲೆ ಡೆಸ್ಕ್‌ನಲ್ಲಿ ಕಳೆಯುವ ಕಾಲ 120/30, ಅಂದರೆ ನಾಲ್ಕು ದಿನ, ವ್ಯಾಪಾರಿಗಳು ಹೇಳುವುದಕ್ಕಿಂತಲೂ ಹೆಚ್ಚು. ಎರಡನೆಯದು ದಿನದ ಅಳತೆ. 40 ಎಂಬುದು ಕೆಲಸದ ದಿನದ ಲೆಕ್ಕವಾದರೆ ಉತ್ತರವೂ ಕೆಲಸದ ದಿನಗಳಲ್ಲೇ ಬರುತ್ತದೆ. ಶನಿವಾರ ದೂರು ಕೊಟ್ಟವರಿಗೆ ಭಾನುವಾರವೂ ಕಾಯುವ ದಿನವೇ. ಬಾಕಿಯನ್ನು ಸೋಮವಾರ ಬೆಳಿಗ್ಗೆ ಮಾತ್ರ ಎಣಿಸಬೇಡಿ, ದಿನದ ಬೇರೆ ಬೇರೆ ಹೊತ್ತಿನಲ್ಲಿ ಎಣಿಸಿ ಸರಾಸರಿ ತೆಗೆಯಿರಿ.

ಮೂರು ದಿನವೆಂದು ಒಪ್ಪಿಕೊಂಡ ಮೇಲೆ ನಿಮ್ಮ ಮೇಲಿನವರು ಅದನ್ನು ಎರಡಕ್ಕೆ ಇಳಿಸಿ ಎನ್ನಬಹುದು. ದಿನಕ್ಕೆ 40 ಬರುತ್ತಿರುವಾಗ ಎರಡು ದಿನ ಎಂದರೆ ಬಾಕಿ 80 ಇರಬೇಕು. ಅಂದರೆ 40 ಟಿಕೆಟ್‌ಗಳ ಹಳೆಯ ಹೊರೆಯನ್ನು ಒಮ್ಮೆ ಕಳೆಯಬೇಕು. ಹತ್ತು ದಿನ 40ರ ಬದಲು 44 ಮುಗಿಸಿದರೆ ಅದು ಕಳೆಯುತ್ತದೆ. ಅನಂತರ ಬಂದಷ್ಟನ್ನೇ ಮುಗಿಸುತ್ತಿದ್ದರೂ ಕಾಯುವ ಕಾಲ ಎರಡು ದಿನದಲ್ಲಿ ನಿಲ್ಲುತ್ತದೆ. ಹಾಗಾಗಿ ಕಾಯಂ ಹುದ್ದೆ ಕೇಳುವ ಮೊದಲು ಹತ್ತು ದಿನದ ಹೆಚ್ಚುವರಿ ಕೆಲಸಕ್ಕೆ ಒಪ್ಪಿಗೆ ಕೇಳಿ ನೋಡಿ.

ಆ ಹತ್ತು ದಿನ ಸುಲಭದ ಟಿಕೆಟ್‌ಗಳನ್ನು ಆರಿಸಿ ಮುಗಿಸಿದರೂ ಬಾಕಿ 80ಕ್ಕೆ ಇಳಿಯುತ್ತದೆ, ಸರಾಸರಿಯೂ ಎರಡು ಎಂದೇ ತೋರಿಸುತ್ತದೆ. ಒಬ್ಬ ಮಿಲ್ ಮಾಲೀಕ ಹದಿನೈದು ದಿನದಿಂದ ಕಾಯುತ್ತಿರುವುದು ಅದರಲ್ಲಿ ಕಾಣುವುದಿಲ್ಲ, ಏಕೆಂದರೆ ಈ ನಿಯಮ ಸರಾಸರಿಯ ವಿಷಯ ಬಿಟ್ಟು ಬೇರೇನೂ ಹೇಳುವುದಿಲ್ಲ. ಆದ್ದರಿಂದ ದಿನದ ಬಾಕಿಯ ಪಕ್ಕದಲ್ಲಿ ಅತಿ ಹಳೆಯ ಟಿಕೆಟ್ ಎಷ್ಟು ದಿನದ್ದು ಎಂಬುದನ್ನೂ ಬರೆದಿಡಿ.